ತವಾದವನ ಕೈ ತಪ್ಪತೊಡಗಿದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಾರವಾರದ ಕಡೆಯ ಒಂದು ಮೀನೂಟದ ಹೋಟೆಲಿನ ಮುಖ್ಯ ಬಾಣಸಿಗರು ಸಲಹೆಗೆ ಬಂದದ್ದು ತಮ್ಮ ಸಲುವಾಗಿ ಅಲ್ಲ. ಅವರ ಕೈಕೆಳಗೆ ಎಂಟು ಜನ. ಅವರಲ್ಲಿ ಆರು ವರ್ಷದಿಂದ ತವಾ ನೋಡಿಕೊಳ್ಳುತ್ತಿದ್ದ ಹುಡುಗನ ಕೆಲಸ ಕೆಡುತ್ತಿತ್ತು. ರವಾ ಫ್ರೈ ಸೀಯುತ್ತಿತ್ತು, ಒಂದೇ ತಿಂಗಳಲ್ಲಿ ಎರಡು ಸಲ ಬೆರಳು ಕೊಯ್ದುಕೊಂಡಿದ್ದ, ವೇಟರ್ ಆರ್ಡರ್ ನೆನಪಿಸಿದರೆ ಸಿಡುಕುತ್ತಿದ್ದ. ರಾತ್ರಿ ಕುಡಿತವೂ ಶುರುವಾಗಿತ್ತು. "ಸೊಕ್ಕೋ, ಸೋಮಾರಿತನವೋ ಗೊತ್ತಾಗ್ತಿಲ್ಲ. ಕೆಲಸದಿಂದ ಬಿಡಿಸಿಬಿಡ್ಲಾ?" ಎಂಬುದು ಅವರ ಪ್ರಶ್ನೆ.

ಸೋಮಾರಿ ಆರು ವರ್ಷ ತವಾದ ಮುಂದೆ ನಿಲ್ಲುವುದಿಲ್ಲ. ಬರೀ ದಣಿವಾಗಿದ್ದರೆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದಾಗ ಇಳಿಯುತ್ತದೆ. ಇದು ಬರ್ನ್‌ಔಟ್ ಇರಬಹುದು, ಅದು ಹಾಗೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನದೆ, ಕೆಲಸದ ಒತ್ತಡವನ್ನು ಬಹುಕಾಲ ನಿಭಾಯಿಸದೆ ಬಿಟ್ಟಾಗ ಬರುವ ಸ್ಥಿತಿ ಎನ್ನುತ್ತದೆ. ಅದರ ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಎನ್ನಿಸುವುದು. ಮನೆಗೆ ಹೋದರೂ, ಇಷ್ಟದವರ ನಡುವೆ ಇದ್ದರೂ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಖಿನ್ನತೆ ಇರಬಹುದು. ಅದನ್ನು ವೈದ್ಯರು ನೋಡಬೇಕು.

ಮೊದಲು ಎರಡು ವಾರ ಎಲ್ಲರ ಗಂಟೆ ಬರೆದಿಡಲು ಹೇಳಿದೆ. ಹಾಜರಿ ಪುಸ್ತಕದ ಗಂಟೆಯಲ್ಲ, ಅಡುಗೆಮನೆಯಲ್ಲಿ ನಿಜವಾಗಿ ನಿಂತ ಗಂಟೆ. ಹೊರಬಂದ ಲೆಕ್ಕ ಇದು: ಬೆಳಿಗ್ಗೆ 8:30ರಿಂದ 4, ಸಂಜೆ 6ರಿಂದ 12. ದಿನಕ್ಕೆ ಹದಿಮೂರೂವರೆ ಗಂಟೆ. ನಡುವಿನ ಎರಡು ಗಂಟೆ ಬಿಡುವಿನಲ್ಲೂ ಮೀನು ಕ್ಲೀನ್ ಮಾಡುವುದು, ಮಸಾಲೆ ರುಬ್ಬುವುದು. ಅದನ್ನೂ ಸೇರಿಸಿದರೆ ಹದಿನೈದೂವರೆ. ತವಾದವ ಮಲಗುವಾಗ 1 ಗಂಟೆ. ಮೀನು ಮಾರ್ಕೆಟ್ಟಿಗೆ ಹೋಗುವ ದಿನ 5:30ಕ್ಕೆ ಏಳಬೇಕು. ನಾಲ್ಕೂವರೆ ಗಂಟೆ ನಿದ್ದೆಯಲ್ಲಿ ಚಾಕು ಹಿಡಿದ ಕೈ ತಪ್ಪುವುದು ಸ್ವಭಾವದ ದೋಷವಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ಕೆಲಸಕ್ಕೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿದೆ, ವಾರಕ್ಕೊಂದು ರಜೆ ಹೇಳಿದೆ. ಇಲ್ಲಿ ರಜೆ ಸಿಗುತ್ತಿದ್ದುದು ತಿಂಗಳಿಗೊಂದು.

ಹಾಗಾಗಿ ಬದಲಾಗಬೇಕಾದದ್ದು ಹುಡುಗನಿಗಿಂತ ಮೊದಲು ಪಾಳಿ. ಎಂಟೂ ಜನ ಎರಡೂ ಹೊತ್ತು ನಿಲ್ಲುವ ಬದಲು ಮೂವರು 8ರಿಂದ 5, ಮೂವರು 3ರಿಂದ 12, ನಡುವೆ ಒಂದು ಗಂಟೆ ಕೂತು ಊಟ. ಉಳಿದಿಬ್ಬರು 10:30ರಿಂದ 3, ಮತ್ತೆ 6:30ರಿಂದ 10. ಎಲ್ಲರಿಗೂ ಎಂಟೇ ಗಂಟೆ, ಎಲ್ಲರೂ ಇದ್ದ ದಿನ ಎರಡೂ ಹೊತ್ತಿನ ಊಟಕ್ಕೆ ಐದು ಜೊತೆ ಕೈ. 3ರಿಂದ 5ರ ನಡುವೆ ಎರಡೂ ಪಾಳಿಯವರು ಇರುವುದರಿಂದ ರಾತ್ರಿಯ ಮಸಾಲೆ, ಮೀನು ಆಗಲೇ ಮುಗಿಯುತ್ತವೆ. ವಾರದ ರಜೆ ಸೋಮವಾರದಿಂದ ಶುಕ್ರವಾರದೊಳಗೆ. ರಾತ್ರಿ ಮುಚ್ಚಿದವನಿಗೆ ಮರುದಿನ 8ರ ಪಾಳಿ ಬೇಡ. ಪಾಳಿ ಬದಲಿಸುವುದಿದ್ದರೆ ರಜೆ ಕಳೆದ ಮೇಲೆ. ಮಾರ್ಕೆಟ್ಟಿಗೆ ಬೆಳಗಿನ ಪಾಳಿಯವರು ಸರದಿಯಲ್ಲಿ ಹೋಗಲಿ, ಹೋದವನು ಅಷ್ಟೇ ಬೇಗ ಮನೆಗೆ ಹೊರಡಲಿ.

ಐದು ಜನಕ್ಕೆ ಹಳೇ ಮೆನು ಹೊರೆಯೇ. ವಾರದ ದಿನಗಳ ರಾತ್ರಿ ಚೈನೀಸ್ ತೆಗೆದು, ಕೊನೆಯ ಆರ್ಡರ್ 10:30ಕ್ಕೆ ನಿಲ್ಲಿಸಲು ಮಾಲೀಕರನ್ನು ಒಪ್ಪಿಸಬೇಕಾಯಿತು. ಗೋವಾ, ಹುಬ್ಬಳ್ಳಿ ಕಡೆಯ ಗಾಡಿಗಳು ತುಂಬುವ ಶನಿವಾರ, ಭಾನುವಾರಕ್ಕೆ ಮೀನು ಕೊಯ್ಯಲು ಒಬ್ಬರು, ಪಾತ್ರೆಗೆ ಒಬ್ಬರು ದಿನಗೂಲಿಯಲ್ಲಿ ಬಂದರು.

ಹುಡುಗನ ಜೊತೆ ಮಾತಾಡುವುದಕ್ಕೂ ಹೊತ್ತು ನೋಡಬೇಕು. ಆರ್ಡರ್ ಬೀಳುವಾಗ, ಉಳಿದವರ ಎದುರು ಬೇಡ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅಡುಗೆಮನೆಯಿಂದ ಹೊರಗೆ ಕೂತು, ಕಂಡದ್ದನ್ನಷ್ಟೇ ಹೇಳಿ ಎಂದೆ: "ತಮ್ಮಾ, ಎರಡು ಸಲ ಬೆರಳು ಕೊಯ್ಕೊಂಡೆ. ಊಟ ನಿಂತೇ ಮಾಡ್ತೀಯ. ನಿದ್ದೆ ಹೇಗಾಗ್ತಿದೆ?" ಎಂದು ಕೇಳಿ ಸುಮ್ಮನಿರಬೇಕು. "ಕುಡೀದೆ ನಿದ್ದೇನೇ ಬರೂದಿಲ್ಲ ಅಣ್ಣ" ಎಂದ ಅವನು. ಕುಡಿತ ನಿದ್ದೆ ಬೇಗ ಬರಿಸಿದರೂ ನಿದ್ದೆಯ ಎರಡನೇ ಅರ್ಧವನ್ನು ಒಡೆಯುತ್ತದೆ. ಇದನ್ನು ಬೈಯದೆ ಹೇಳಬೇಕು. ಆದರೆ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರಿಗೆ "ಇವತ್ತೇ ಬಿಡು" ಎನ್ನಬಾರದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಇವನಿಗೆ ನಡುಕ ಇರಲಿಲ್ಲ. ಬದುಕಿ ಏನು ಪ್ರಯೋಜನ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಮೂರನೇ ವಾರ ಪಾಳಿ ಮುರಿಯಿತು. ಸಾಲು ರಜೆಯ ಜನ ಬಂದಾಗ ಬಾಣಸಿಗರೇ ಎಲ್ಲರನ್ನೂ ಎರಡೂ ಹೊತ್ತು ನಿಲ್ಲಿಸಿದರು, ತಾವೂ ಕೂಗಾಡಿದರು. ಅವರು ತಮ್ಮ ಹೆಸರನ್ನು ಪಾಳಿಯ ಪಟ್ಟಿಯಲ್ಲೇ ಬರೆದಿರಲಿಲ್ಲ. ಈಗ ಬುಧವಾರ ಅವರಿಗೂ ರಜೆ, ಆ ದಿನ ಪಾಸ್, ಅಂದರೆ ತಟ್ಟೆಗಳು ಹೊರಹೋಗುವ ಕಟ್ಟೆ, ನೋಡುವವನು ಗ್ರೇವಿಯವನು. ಸಾಲು ರಜೆಗೆ ದಿನಗೂಲಿಯವರನ್ನು ಹತ್ತು ದಿನ ಮೊದಲೇ ಗೊತ್ತುಮಾಡುತ್ತಾರೆ. ಹೆಚ್ಚುವರಿ ಗಂಟೆಯ ದುಡ್ಡು ಕಡಿಮೆಯಾಯಿತೆಂದು ಒಬ್ಬ ಹೆಲ್ಪರ್ ಕೆಲಸ ಬಿಟ್ಟ. ಅವನ ಮಾತು ನ್ಯಾಯವಾಗಿಯೇ ಇತ್ತು. ಸಂಬಳ ಹೆಚ್ಚಿಸದೆ ಪಾಳಿ ಕಡಿಮೆ ಮಾಡಿದರೆ ಇನ್ನೊಬ್ಬನೂ ಹೋಗುತ್ತಾನೆಂದು ಮಾಲೀಕರಿಗೆ ತಿಳಿಸಿದ್ದೇನೆ. ತವಾದವ ಈಗ 3ರ ಪಾಳಿಯಲ್ಲಿದ್ದಾನೆ. ದಿನಕ್ಕೆ ಏಳು ಗಂಟೆ ನಿದ್ದೆ ಆಗುತ್ತಿದೆ, ಕುಡಿತ ವಾರಕ್ಕೆರಡು ರಾತ್ರಿಗೆ ಇಳಿದಿದೆ. ಸಿಡುಕು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಅವನೇ ಸಲಹೆಗೆ ಬರುತ್ತಿದ್ದಾನೆ.