ಬೆಳಗಿನ ಸಕ್ಕರೆ ಏಕೆ ಏರುತ್ತದೆ? ಉತ್ತರ ರಾತ್ರಿಯ ಸಾಲಿನಲ್ಲಿದೆ

ಪ್ರಶ್ನೆ: ರಾತ್ರಿ ಇನ್ಸುಲಿನ್ ತಗೊಳ್ತೀನಿ. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 180ರ ಆಸುಪಾಸು ಇರುತ್ತೆ. ಎರಡು ತಿಂಗಳು ದಿನಾ ಬರೆದಿಟ್ಟ ಪುಸ್ತಕ ನೋಡಿ ಡಾಕ್ಟರು, ‘ಇಷ್ಟರಿಂದ ಏನೂ ಹೇಳೋಕಾಗಲ್ಲ’ ಅಂದರು. ಇನ್ನೇನು ಬರೀಬೇಕು?

ಉತ್ತರ: ನಿಮ್ಮ ಪುಸ್ತಕದಲ್ಲಿರುವುದು ರಾತ್ರಿಯ ಕೊನೆಯ ಅಂಕಿ ಮಾತ್ರ. ಡಾಕ್ಟರಿಗೆ ಬೇಕಿರುವುದು ಅಲ್ಲಿಗೆ ಬಂದ ದಾರಿ. ಮುಂದಿನ ಭೇಟಿಗೆ ಮೊದಲು ಯಾವುದಾದರೂ ಮೂರು ರಾತ್ರಿ ಆರಿಸಿಕೊಂಡು ಮಲಗುವ ಮುನ್ನ, ನಸುಕಿನ 3 ಗಂಟೆಗೆ ಮತ್ತು ಎದ್ದ ಕೂಡಲೇ ಪರೀಕ್ಷಿಸಿ. ಮೂರೂ ಅಂಕಿಗಳು ಒಂದೇ ಸಾಲಿನಲ್ಲಿರಲಿ.

ಬೆಳಗಿನ 185ಕ್ಕೆ ಮೂರು ಬೇರೆ ಬೇರೆ ಕಥೆಗಳಿರಬಹುದು. ಸಾಲು 210, 195, 185 ಎಂದಿದ್ದರೆ ಮಲಗುವಾಗಲೇ ಸಕ್ಕರೆ ಏರಿತ್ತು, ನೋಡಬೇಕಾದದ್ದು ರಾತ್ರಿಯೂಟವನ್ನು. 140, 135, 185 ಎಂದಿದ್ದರೆ ನಸುಕಿನಲ್ಲಿ ಏರಿದೆ. ಆ ಹೊತ್ತಿಗೆ ಹೆಚ್ಚುವ ಕಾರ್ಟಿಸಾಲ್‌ನಂಥ ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಅದನ್ನು ತಡೆಯುವಷ್ಟು ಇನ್ಸುಲಿನ್ ಉಳಿದಿರುವುದಿಲ್ಲ. 140, 62, 185 ಎಂದಿದ್ದರೆ ನಡುರಾತ್ರಿ ಸಕ್ಕರೆ ಕುಸಿದು ಮತ್ತೆ ಏರಿದೆ. ಇದು ಅಪರೂಪ, ಆದರೆ ಬೆಳಗಿನ ಅಂಕಿಯನ್ನಷ್ಟೇ ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯವಾಗುವುದು ಇಲ್ಲಿಯೇ. ಹಾಗಾಗಿ ಡೋಸನ್ನು ನೀವಾಗಿಯೇ ಬದಲಿಸಬೇಡಿ.

ಸಾಲಿನ ಪಕ್ಕದಲ್ಲಿ ರಾತ್ರಿಯೂಟ ಶುರುವಾದ ಸಮಯ, ತಿಂದದ್ದು ಎಂದಿಗಿಂತ ಹೆಚ್ಚೋ ಕಡಿಮೆಯೋ, ಇನ್ಸುಲಿನ್ ಎಷ್ಟು ಯೂನಿಟ್, ಎಷ್ಟು ಗಂಟೆಗೆ ಎಂಬುದನ್ನು ಬರೆಯಿರಿ. ‘ಊಟ 9.40, ಎಂದಿನಷ್ಟೇ, ಇನ್ಸುಲಿನ್ 10.15, 14 ಯೂನಿಟ್; ಸಂಜೆ ಒಂದು ಗಂಟೆ ನಡಿಗೆ’ ಎಂದರೆ ಸಾಕು. ಸಂಜೆಯ ವ್ಯಾಯಾಮವನ್ನು ಬರೆಯಲು ಮರೆಯಬೇಡಿ, ಅದರ ಪರಿಣಾಮ ರಾತ್ರಿಯವರೆಗೂ ಉಳಿದು ಸಕ್ಕರೆ ಇಳಿಯಬಹುದು. ಜ್ವರ, ಸ್ಟೀರಾಯ್ಡ್ ಮಾತ್ರೆ, ತಪ್ಪಿದ ಡೋಸು ಇವನ್ನೂ ಮುಚ್ಚಿಡದೆ ಬರೆಯಿರಿ. ಡಾಕ್ಟರ ಮೆಚ್ಚುಗೆಗೆಂದು ಚಂದ ಮಾಡಿದ ಪುಸ್ತಕ ಅವರನ್ನೇ ದಾರಿ ತಪ್ಪಿಸುತ್ತದೆ.

ಅಂಕಿ ವಿಚಿತ್ರ ಎನಿಸಿದರೆ ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮತ್ತೊಮ್ಮೆ ಪರೀಕ್ಷಿಸಿ. ಬೆರಳಿಗಂಟಿದ ಹಣ್ಣಿನ ರಸವೂ ಮೀಟರಿಗೆ ಸಕ್ಕರೆಯೇ. ಮೊದಲ ಅಂಕಿಯನ್ನು ಅಳಿಸದೆ ಎರಡನ್ನೂ ಇಡಿ. ಹತ್ತು ಹದಿನೈದರ ವ್ಯತ್ಯಾಸವನ್ನು ಮಾತ್ರ ಬೆನ್ನಟ್ಟಬೇಡಿ, ಮೀಟರುಗಳಲ್ಲಿ ಅಷ್ಟು ಸಹಜ.

70ಕ್ಕಿಂತ ಕಡಿಮೆ ಬಂದ ಪ್ರತಿ ಅಂಕಿಗೂ ಸುತ್ತು ಹಾಕಿ, ಬೆವರು, ನಡುಕ ಇತ್ತೇ ಎಂದು ಬರೆಯಿರಿ. ಏನೂ ಅನಿಸದಿದ್ದರೆ ಅದನ್ನೂ ಬರೆಯಿರಿ, ಅದು ಇನ್ನೂ ಮುಖ್ಯ. ಆದರೆ ಬರೆಯುವ ಮುನ್ನ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ರಾತ್ರಿ ಹೀಗೆ ಒಮ್ಮೆ ಕುಸಿದರೂ ಭೇಟಿಯ ದಿನಕ್ಕೆ ಕಾಯದೆ ಮರುದಿನವೇ ಡಾಕ್ಟರಿಗೆ ಫೋನ್ ಮಾಡಿ.