ನೂರೈವತ್ತು ಅಪಾಯಿಂಟ್‌ಮೆಂಟ್ ಲೆಟರ್, ಒಂದೇ ಎಕ್ಸೆಲ್: ನಾನ್-ಕಾಂಪೀಟ್ ಷರತ್ತು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್. ಸುಮಾರು 150 ಜನರ ಒಪ್ಪಂದಗಳಿವೆ, ಒಂದೊಂದು ವರ್ಷದ್ದು ಒಂದೊಂದು ಥರ. ಎಲ್ಲದರಲ್ಲೂ ಪ್ರತಿಸ್ಪರ್ಧಿ ಕಂಪನಿಗೆ ದುಡಿಯಬಾರದು ಅನ್ನುವ ನಾನ್-ಕಾಂಪೀಟ್ ಷರತ್ತು ಮತ್ತು ಗೌಪ್ಯತೆ ಷರತ್ತು ಹುಡುಕಿ, ಅವಧಿ ಎಷ್ಟು, ವ್ಯಾಪ್ತಿ ಏನು ಅಂತ ಎಕ್ಸೆಲ್ ಮಾಡಲು ಹೇಳಿದ್ದಾರೆ. ಒಬ್ಬರಿಗೆ ಒಂದು ಸಾಲಿನಂತೆ ಶುರು ಮಾಡಿದೆ, ಆಗಲೇ ಗೊಂದಲ. ನಾನ್-ಕಾಂಪೀಟ್ ನಮ್ಮ ದೇಶದಲ್ಲಿ ನಡೆಯೋದೇ ಇಲ್ಲ ಅಂತಾರೆ, ಹಾಗಿದ್ರೆ ಇದನ್ನೆಲ್ಲ ಬರೆಯೋದು ಯಾಕೆ ಸರ್?

ಉತ್ತರ: ಒಬ್ಬರಿಗೆ ಒಂದು ಸಾಲು ಬೇಡ, ಒಂದು ಷರತ್ತಿಗೆ ಒಂದು ಸಾಲು ಹಾಕಿ. ಒಬ್ಬರ ಹೆಸರು ನಾಲ್ಕು ಸಲ ಬಂದರೂ ಪರವಾಗಿಲ್ಲ. ಗೌಪ್ಯತೆಯೊಂದರಲ್ಲೇ ಎರಡು ಅವಧಿ ಇರುವುದು ಮಾಮೂಲು. ಸಾಮಾನ್ಯ ಮಾಹಿತಿಗೆ ಮೂರು ವರ್ಷ, ಸೋರ್ಸ್ ಕೋಡ್‌ನಂಥ ವ್ಯಾಪಾರ ರಹಸ್ಯಕ್ಕೆ ಅದು ರಹಸ್ಯವಾಗಿರುವವರೆಗೆ. ಇವೆರಡನ್ನೂ ಒಂದೇ ಕೋಶಕ್ಕೆ ತುರುಕಿದರೆ ಆಮೇಲೆ ಫಿಲ್ಟರ್ ಹಾಕಿ ಹುಡುಕೋಕೆ ಆಗಲ್ಲ.

ಹುಡುಕುವ ಮೊದಲು ಫೈಲ್ ಹುಡುಕಲು ಬರುವಂಥದ್ದೇ ಅಂತ ನೋಡಿಕೊಳ್ಳಿ. ಪಿಡಿಎಫ್ ತೆರೆದು `the` ಅಂತ ಹುಡುಕಿ. ಇಂಗ್ಲಿಷ್ ಒಪ್ಪಂದದಲ್ಲಿ ಅದು ಒಂದೂ ಸಿಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಅಂಥದ್ದನ್ನು ಒಸಿಆರ್ ಮಾಡಿಸಿ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಲು ಬರುವಂಥ ಪಠ್ಯ ಮಾಡಿಸಿ, ಇಲ್ಲವೇ ಕಣ್ಣಲ್ಲೇ ಓದಿ. ಸ್ಕ್ಯಾನ್ ಫೈಲಿನಲ್ಲಿ ಪದ ಸಿಗಲಿಲ್ಲವೆಂದು «ಷರತ್ತು ಇಲ್ಲ» ಅಂತ ಬರೆದುಬಿಟ್ಟರೆ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಶೀರ್ಷಿಕೆಯನ್ನು ನಂಬಬೇಡಿ. ನಾನ್-ಕಾಂಪೀಟ್ ಷರತ್ತು ಎಷ್ಟೋ ಸಲ `Conflict of Interest`, `Other Employment`, `Exclusivity` ಅನ್ನುವ ತಲೆಬರಹದ ಕೆಳಗೆ ಕೂತಿರುತ್ತದೆ. `compete` ಅನ್ನುವ ಪದವೇ ಇರುವುದಿಲ್ಲ. ನಾನು ಹುಡುಕುವುದು `directly or indirectly`, `similar business`, `solicit`, `proprietary`, `survive`. ಇದರಲ್ಲಿ ಕೊನೆಯದು ಜಾಸ್ತಿ ಮುಖ್ಯ. ಯಾಕೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ.

ಒಬ್ಬ ಇಂಜಿನಿಯರ್ ಇದ್ದಾರೆ ಅಂದುಕೊಳ್ಳಿ. 2019ರ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ 14ನೇ ಷರತ್ತು, ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬಾರದು. 15ನೇದು ಗೌಪ್ಯತೆ, ಅದರಲ್ಲಿ ಅವಧಿಯೇ ಇಲ್ಲ. ಕೊನೆಗೆ 22ನೇ ಷರತ್ತು, `survive` ಪದ ಇರುವುದು ಇಲ್ಲೇ: 14 ಮತ್ತು 16ನೇ ಷರತ್ತುಗಳು ಕೆಲಸ ಬಿಟ್ಟ ಮೇಲೂ 24 ತಿಂಗಳು ಜಾರಿಯಲ್ಲಿರುತ್ತವೆ. 16 ಯಾವುದು ಅಂತ ನೋಡಿದರೆ ರಜೆಯ ನಿಯಮ! ಹಳೆಯ ನಮೂನೆಯಲ್ಲಿ ಗೌಪ್ಯತೆ 16ನೇದಾಗಿತ್ತು, ಯಾರೋ ಹಳೆಯ 15ನೇ ಷರತ್ತು ತೆಗೆದಾಗ ಅದರ ಕೆಳಗಿನವೆಲ್ಲ ಒಂದು ಸ್ಥಾನ ಮೇಲೆ ಬಂದವು, 22ರೊಳಗಿನ ಸಂಖ್ಯೆ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಗೌಪ್ಯತೆಯ ಅವಧಿ ಅಂತ ನೀವು ಏನು ಬರೆಯುತ್ತೀರಿ? «24 ತಿಂಗಳು» ಅಂತ ಬರೆದರೆ ಕಾಗದದಲ್ಲಿ ಇಲ್ಲದ್ದನ್ನು ನೀವೇ ತಿದ್ದಿದ ಹಾಗಾಯಿತು. ಅವಧಿಯ ಕಾಲಂನಲ್ಲಿ «ಹೇಳಿಲ್ಲ» ಅಂತ ಹಾಕಿ, ಟಿಪ್ಪಣಿಯಲ್ಲಿ «22ನೇ ಷರತ್ತು 16 ಅನ್ನುತ್ತದೆ, ಗೌಪ್ಯತೆ ಇರುವುದು 15ರಲ್ಲಿ» ಅಂತ ಬರೆದು ವಕೀಲರಿಗೆ ಬಿಡಿ. ಅಂದಹಾಗೆ «ಹೇಳಿಲ್ಲ», «ಷರತ್ತೇ ಇಲ್ಲ», «ಇನ್ನೂ ಓದಿಲ್ಲ» ಇವು ಮೂರೂ ಬೇರೆ ಬೇರೆ. ಖಾಲಿ ಕೋಶ ಬಿಟ್ಟರೆ ಮೂರೂ ಒಂದೇ ಥರ ಕಾಣುತ್ತವೆ.

ಅದೇ ಇಂಜಿನಿಯರ್‌ಗೆ 2022ರಲ್ಲಿ ಪ್ರಮೋಷನ್ ಲೆಟರ್ ಬಂತು. ಮೊದಲ ಪುಟದಲ್ಲಿ ಸಂಬಳ, ಹುದ್ದೆ, «ಉಳಿದ ಷರತ್ತುಗಳು ಮೊದಲಿನಂತೆ» ಅನ್ನುವ ಸಾಲು. ಆದರೆ ಹಿಂದಿರುವ ಅನುಬಂಧದಲ್ಲಿ, ಕೆಲಸ ಬಿಟ್ಟ ಮೇಲೆ 12 ತಿಂಗಳು ಭಾರತದಲ್ಲಿ ಎಲ್ಲೂ ಪಟ್ಟಿಯಲ್ಲಿರುವ ಪ್ರತಿಸ್ಪರ್ಧಿ ಕಂಪನಿಗಳಿಗೆ ಸೇರಬಾರದು ಅಂತ ಹೊಸ ಷರತ್ತು. ಹಾಗಾಗಿ ಅಪಾಯಿಂಟ್‌ಮೆಂಟ್ ಲೆಟರ್ ಒಂದನ್ನೇ ಓದಿ ಫೈಲ್ ಮುಚ್ಚಬೇಡಿ. ಪ್ರಮೋಷನ್ ಲೆಟರ್, ಎನ್‌ಡಿಎ ಅನ್ನುವ ಪ್ರತ್ಯೇಕ ಗೌಪ್ಯತೆ ಕರಾರು, ಷೇರು ಕೊಟ್ಟಾಗಿನ ಕರಾರು, ರಾಜೀನಾಮೆ ಒಪ್ಪಿಕೊಂಡ ಪತ್ರ ಎಲ್ಲವನ್ನೂ ನೋಡಿ. ಪ್ರತಿ ಸಾಲಿನಲ್ಲೂ ಯಾವ ಕಾಗದ, ಯಾವ ದಿನಾಂಕ, ಎಷ್ಟನೇ ಷರತ್ತು ಅಂತ ಇರಲಿ. ಷರತ್ತಿನ ಮೂಲ ವಾಕ್ಯವನ್ನೂ ಹಾಗೇ ಕಾಪಿ ಮಾಡಿ ಒಂದು ಕಾಲಂನಲ್ಲಿ ಇಡಿ.

ವ್ಯಾಪ್ತಿಯನ್ನು ಒಂದೇ ಕಾಲಂನಲ್ಲಿ ಬರೆಯಬೇಡಿ. ಯಾವ ಕೆಲಸ, ಯಾವ ಊರು ಅಥವಾ ದೇಶ, ಯಾರ ವಿರುದ್ಧ, ಈ ಮೂರಕ್ಕೂ ಬೇರೆ ಕಾಲಂ. ಮೇಲಿನ ಷರತ್ತಿನಲ್ಲಿ ಊರು «ಭಾರತ», ಯಾರು ಅಂದರೆ «ಪಟ್ಟಿಯ ಕಂಪನಿಗಳು», ಯಾವ ಕೆಲಸ ಅಂತ ಹೇಳಿಲ್ಲ. ಆ ಪಟ್ಟಿಯೇ ಫೈಲಿನಲ್ಲಿ ಇಲ್ಲದಿರುವುದೂ ಉಂಟು, ಇಲ್ಲದಿದ್ದರೆ ಅದನ್ನೂ ಬರೆಯಿರಿ.

ಅವಧಿಯಲ್ಲಿ ಎಲ್ಲರೂ ಎಡವುವುದು ಎಣಿಕೆ ಶುರುವಾಗುವ ದಿನದಲ್ಲಿ. ಇವರು 2025ರ ಏಪ್ರಿಲ್ 2ಕ್ಕೆ ರಾಜೀನಾಮೆ ಕೊಟ್ಟು, ನೋಟಿಸ್ ಪೀರಿಯಡ್ ಮುಗಿಸಿ ಜೂನ್ 30ಕ್ಕೆ ಹೊರಬಿದ್ದರು ಅಂತಿಟ್ಟುಕೊಳ್ಳಿ. ರಾಜೀನಾಮೆಯಿಂದ ಎಣಿಸಿದರೆ 12 ತಿಂಗಳು 2026ರ ಏಪ್ರಿಲ್ 2ಕ್ಕೆ ಮುಗಿಯುತ್ತದೆ, ಕೊನೆಯ ದಿನದಿಂದ ಎಣಿಸಿದರೆ ಜೂನ್ 30ಕ್ಕೆ. ಸುಮಾರು ಮೂರು ತಿಂಗಳ ವ್ಯತ್ಯಾಸ ಅಲ್ವಾ? ಒಪ್ಪಂದದಲ್ಲಿ ಯಾವ ಪದ ಇದೆಯೋ ಅದನ್ನೇ ಒಂದು ಕಾಲಂನಲ್ಲಿ ಹಾಕಿ, ಅದರಂತೆ ಶುರುವಾಗುವ ದಿನಾಂಕ ತುಂಬಿ. F ಕಾಲಂನಲ್ಲಿ ಆ ದಿನಾಂಕ, G ಕಾಲಂನಲ್ಲಿ ತಿಂಗಳ ಸಂಖ್ಯೆ ಇದ್ದರೆ, ಕೊನೆಯ ದಿನಾಂಕದ ಕಾಲಂಗೆ `Date` ಫಾರ್ಮ್ಯಾಟ್ ಕೊಟ್ಟು ಇಷ್ಟು ಹಾಕಿದರೆ ಸಾಕು:

```
=IF(AND(ISNUMBER(F2),ISNUMBER(G2)),EDATE(F2,G2),"")
```

G ಕಾಲಂನಲ್ಲಿ «ಹೇಳಿಲ್ಲ» ಅಂತಲೋ «ರಹಸ್ಯವಾಗಿರುವವರೆಗೆ» ಅಂತಲೋ ಇದ್ದರೆ ಕೊನೆಯ ದಿನಾಂಕ ಬರುವುದಿಲ್ಲ, ಬರಲೂಬಾರದು. ವರ್ಷಗಳನ್ನೆಲ್ಲ ತಿಂಗಳಿಗೆ ಬದಲಿಸಿ ತುಂಬಿ, ಇಲ್ಲದಿದ್ದರೆ 2 ವರ್ಷ ಇರುವ ಕಡೆ 2 ತಿಂಗಳು ಲೆಕ್ಕ ಆಗಿಬಿಡುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬರು ನ್ಯಾಯವಾದ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ಹಾಗಾಗಿ ಕೆಲಸ ಬಿಟ್ಟ ಮೇಲಿನ ನಾನ್-ಕಾಂಪೀಟ್ ಅನ್ನು ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಆದರೆ ಕರಾರಿನ ಅವಧಿಯೊಳಗಿನ ನಿರ್ಬಂಧದ ಕಥೆ ಬೇರೆ. 1967ರ ನಿರಂಜನ್ ಶಂಕರ್ ಗೋಲಿಕರಿ ಪ್ರಕರಣದಲ್ಲಿ ಐದು ವರ್ಷದ ಕರಾರಿಗೆ ಸಹಿ ಹಾಕಿದ ಉದ್ಯೋಗಿ ನಡುವೆಯೇ ಪ್ರತಿಸ್ಪರ್ಧಿ ಕಂಪನಿಗೆ ಹೋದರು. ಆ ಅವಧಿ ಮುಗಿಯುವವರೆಗಿನ ತಡೆಯನ್ನು ಸುಪ್ರೀಂ ಕೋರ್ಟ್ ಒಪ್ಪಿತು. ವಿಜಯಾ ಬ್ಯಾಂಕಿನ ಪ್ರಕರಣ ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಮೇಲೆ ಹೋಗಿತ್ತು. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡ್ 27ನೇ ಕಲಂಗೆ ವಿರುದ್ಧವಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅದಕ್ಕೇ «ಕೆಲಸದಲ್ಲಿರುವಾಗ / ಬಿಟ್ಟ ಮೇಲೆ» ಅನ್ನುವ ಕಾಲಂ ನಿಮ್ಮ ಶೀಟಿನಲ್ಲಿ ಇರಲೇಬೇಕು. ಒಂದೇ ವಾಕ್ಯದಲ್ಲಿ ಎರಡೂ ಇದ್ದರೆ ಎರಡು ಸಾಲು ಮಾಡಿ. ಬಾಂಡ್ ಕಂಡರೆ ನಾನ್-ಕಾಂಪೀಟ್ ಜೊತೆ ಸೇರಿಸದೆ ಪ್ರತ್ಯೇಕ ಸಾಲಿಗೆ ಹಾಕಿ. ಗೌಪ್ಯತೆಯ ಸಾಲುಗಳಂತೂ ಕೈಬಿಡುವ ಹಾಗೇ ಇಲ್ಲ. ಕೆಲಸ ಬಿಟ್ಟವರು ಸಾಮಾನ್ಯವಾಗಿ ಎಲ್ಲಿ ಬೇಕಾದರೂ ಸೇರಬಹುದು, ಆದರೆ ಹಳೆಯ ಕಂಪನಿಯ ರಹಸ್ಯ ಮಾಹಿತಿಯನ್ನು ಒಯ್ದು ಬಳಸುವಂತಿಲ್ಲ. ಕೊನೆಗೆ ಜಗಳ ಬರುವುದೂ ಹೆಚ್ಚಾಗಿ ಅದರ ಮೇಲೆಯೇ.

«ನಡೆಯುತ್ತದೆ / ನಡೆಯಲ್ಲ» ಅನ್ನುವ ಕಾಲಂ ನೀವು ತುಂಬಬೇಡಿ. ಅದಕ್ಕೆ ವಕೀಲರ ಹೆಸರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟು, ಶೀಟನ್ನು ಅವರಿಗೆ ಕಳಿಸಿ. ಮೊದಲು 2019ರ ನಮೂನೆಯ ಫೈಲುಗಳನ್ನಷ್ಟೇ ಮುಗಿಸಿ ತೋರಿಸಿದರೂ ಸಾಕು. ಒಂದು ನಮೂನೆಯಲ್ಲಿ ಸಂಖ್ಯೆ ತಪ್ಪಿದ್ದರೆ ಆ ವರ್ಷ ಸೇರಿದವರೆಲ್ಲರ ಕಾಗದದಲ್ಲೂ ಅದೇ ತಪ್ಪು ಇರುವ ಸಾಧ್ಯತೆ ಜಾಸ್ತಿ.