“ತಾತ ಎಲ್ಲಿ?” ಎಂದು ಅಜ್ಜಿ ಮತ್ತೆ ಕೇಳಿದಾಗ

(ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಸಿಂಚನಾಗೆ 15 ವರ್ಷ, ಮಂಡ್ಯದಲ್ಲಿ ಹತ್ತನೇ ತರಗತಿ. ಆಪ್ತಸಲಹೆಗೆ ಕರೆತಂದದ್ದು ಅವಳ ಅಮ್ಮ. “ಅಜ್ಜಿ ಮೇಲೆ ಕಿರುಚಾಡ್ತಾಳೆ, ಆಮೇಲೆ ರೂಮಿನ ಬಾಗಿಲು ಹಾಕ್ಕೊಂಡು ಅಳ್ತಾಳೆ” ಎಂಬುದು ಅವರ ದೂರು. ಅಮ್ಮ ಹೊರಗೆ ಹೋದ ಮೇಲೆ ಹುಡುಗಿ ಬಾಯಿಬಿಟ್ಟಳು.

“ನಮ್ಮಜ್ಜಿ ನಾಟ್ಕ ಆಡ್ತದೆ ಮೇಡಂ. ಆಲೆಮನೇಲಿ ಯಾವ ವರ್ಷ ಯಾವ ಗಾಣ ಮುರೀತು ಅಂತ ಹೇಳ್ತದೆ. ತಾತ ಹೋಗಿದ್ದು ಮಾತ್ರ ಜ್ಞಾಪಕ ಇಲ್ವಂತೆ. ‘ತಾತ ಎಲ್ಲಿ ಮಗ, ಇನ್ನೂ ಉಣ್ಣಕ್ಕೆ ಬರ್ಲಿಲ್ಲ’ ಅಂತದೆ. ‘ತಾತ ಸತ್ತೋದ್ರು ಅಜ್ಜಿ’ ಅಂದ್ರೆ ಎದೆ ಬಡ್ಕೊಂಡು ಅಳ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೊನ್ನೆ ನಾಲ್ಕನೇ ಸಲಕ್ಕೆ ನಾನು ಕಿರುಚಿದೆ.”

ಅಜ್ಜಿಗೆ 74. ತಾತ ತೀರಿಕೊಂಡು 14 ತಿಂಗಳಾಗಿತ್ತು. ಅದಾದ ಮೇಲೆ ಅಜ್ಜಿಯನ್ನು ಹಳ್ಳಿಯಿಂದ ಮಂಡ್ಯದ ಮನೆಗೆ ಕರೆತಂದಿದ್ದರು. ಮರೆವು ಅದಕ್ಕೂ ಹಿಂದೆಯೇ, ಸುಮಾರು ಮೂರು ವರ್ಷದಿಂದ ಇತ್ತು. ಒಲೆ ಮೇಲಿಟ್ಟ ಹಾಲು ಮರೆಯುವುದು, ಕೊಟ್ಟ ದುಡ್ಡನ್ನು ಕೊಟ್ಟೇ ಇಲ್ಲ ಎನ್ನುವುದು ಹೀಗೆ. ವಯಸ್ಸಾಯ್ತು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೊನೆಗೆ ನರರೋಗ ವೈದ್ಯರಿಗೆ ತೋರಿಸಿದಾಗ ಮೊದಲು ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ನೋಡಿದರು. ಇವೆರಡರ ಕೊರತೆಯೂ ಮರೆವು ತರುತ್ತದೆ, ಮತ್ತು ಅದಕ್ಕೆ ಚಿಕಿತ್ಸೆ ಉಂಟು. ಅಜ್ಜಿಗೆ ಎರಡೂ ಸರಿಯಿದ್ದವು. ಎಂಆರ್‌ಐಯಲ್ಲಿ ಹೊಸ ನೆನಪು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್ ಮೆದುಳಿನ ಎರಡೂ ಬದಿಯಲ್ಲಿ ಸೊರಗಿರುವುದು ಕಂಡಿತು. ಉಳಿದ ಪರೀಕ್ಷೆಗಳನ್ನೂ ಸೇರಿಸಿ ವೈದ್ಯರು ಆಲ್ಝೈಮರ್ ಎಂದಿದ್ದರು. ಮನೆಯ ದೊಡ್ಡವರಿಗೆ ಇಷ್ಟು ಗೊತ್ತಿತ್ತು. ಸಿಂಚನಾಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಮಾಮೂಲು: ಕಾಯಿಲೆಯ ಜೊತೆ ದಿನಾ ಬದುಕುವುದು ಮಕ್ಕಳು, ಅದರ ಹೆಸರು ಗೊತ್ತಿರುವುದು ದೊಡ್ಡವರಿಗೆ.

ಹಾಗಾಗಿ ಮೊದಲ ಭೇಟಿಯ ಬಹುಪಾಲು ಹೋದದ್ದು ಅವಳ ಪ್ರಶ್ನೆಗೆ: ಗಾಣ ಮುರಿದದ್ದು ನೆನಪಿದ್ದು, ಗಂಡ ಸತ್ತದ್ದು ಹೇಗೆ ಮರೆಯುತ್ತದೆ?

ಹಿಪೊಕ್ಯಾಂಪಸ್ ಕಿವಿಯ ನೇರಕ್ಕೆ, ಮೆದುಳಿನ ಒಳಮಗ್ಗುಲಲ್ಲಿರುತ್ತದೆ. ಎಡಕ್ಕೊಂದು, ಬಲಕ್ಕೊಂದು. ಉದ್ದ ಹೆಚ್ಚೂಕಮ್ಮಿ ಕಿರುಬೆರಳಷ್ಟು, ಆಕಾರ ಕಡಲಕುದುರೆಯಂತೆ. ಹೆಸರು ಬಂದದ್ದೂ ಅದರಿಂದಲೇ. ಒಂದು ಮದುವೆ ಊಟವನ್ನು ನೆನೆದುಕೊಳ್ಳಿ. ಅಲ್ಲಿ ಕಂಡದ್ದು ಮೆದುಳಿನ ಹಿಂಭಾಗದಲ್ಲಿ, ಕೇಳಿದ್ದು ಪಕ್ಕದಲ್ಲಿ, ಹೀಗೆ ಬೇರೆಬೇರೆ ಕಡೆ ದಾಖಲಾಗುತ್ತದೆ. “ಇವೆಲ್ಲ ಒಂದೇ ದಿನ, ಒಂದೇ ಜಾಗದಲ್ಲಿ ನಡೆದವು” ಎಂದು ಸೇರಿಸಿ ಕಂತೆ ಕಟ್ಟುವುದು ಹಿಪೊಕ್ಯಾಂಪಸ್. ಅಲ್ಲಿಗೇ ಕೆಲಸ ಮುಗಿಯುವುದಿಲ್ಲ. ಮುಂದಿನ ದಿನಗಳಲ್ಲಿ, ಮುಖ್ಯವಾಗಿ ಗಾಢ ನಿದ್ದೆಯಲ್ಲಿ, ಆ ಕಂತೆಯನ್ನು ಅದು ಮತ್ತೆ ಮತ್ತೆ ಆಡಿಸುತ್ತದೆ. ಹಾಗೆ ಆಡಿಸಿದಷ್ಟೂ ಚದುರಿದ ತುಣುಕುಗಳು ನೇರವಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ವರ್ಷಗಳು ಕಳೆದಂತೆ ಆ ನೆನಪು ಹಿಪೊಕ್ಯಾಂಪಸ್ಸಿನ ಹಂಗಿಲ್ಲದೆಯೂ ಬಹುಮಟ್ಟಿಗೆ ನಿಲ್ಲಬಲ್ಲದು. (ರಾತ್ರಿಯಿಡೀ ಓದಿ ಬೆಳಿಗ್ಗೆ ಪರೀಕ್ಷೆಗೆ ಹೋದರೆ ಓದಿದ್ದು ನಿಲ್ಲದಿರಲು ಒಂದು ಕಾರಣ ಇದೇ ಎಂದಾಗ ಸಿಂಚನಾ ಮುಖ ತಗ್ಗಿಸಿ ನಕ್ಕಳು.)

ಅವಳಿಗೆ ಇದು ಪೂರ್ತಿ ಹೊಕ್ಕದ್ದು ಆಲೆಮನೆಯ ಮೂಲಕ. ಕಬ್ಬಿನ ಹಾಲನ್ನು ಹಾಗೇ ಇಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಕೊಪ್ಪರಿಗೆಯಲ್ಲಿ ಕಾಸಿ, ಪಾಕ ಬರಿಸಿ, ಅಚ್ಚಿಗೆ ಹುಯ್ದರೆ ಬೆಲ್ಲವಾಗಿ ವರ್ಷಗಟ್ಟಲೆ ಇರುತ್ತದೆ. ಅಜ್ಜಿಯ ತಲೆಯಲ್ಲಿ ಗಾಣ ಈಗಲೂ ತಿರುಗುತ್ತಿದೆ, ಹಾಲು ಬರುತ್ತಿದೆ. ಆದರೆ ಒಲೆ ಆರಿದೆ. ಅಟ್ಟದ ಮೇಲಿರುವುದು ಒಲೆ ಉರಿಯುತ್ತಿದ್ದ ಕಾಲದ ಬೆಲ್ಲ. ತಾತ ತೀರಿಕೊಳ್ಳುವ ಹೊತ್ತಿಗೆ ಒಲೆ ಆಗಲೇ ಮಂದವಾಗಿತ್ತು, ಆ ಸಾವು ಬೆಲ್ಲವಾಗಲೇ ಇಲ್ಲ. ಅಜ್ಜಿ ಅದನ್ನು ಮರೆತಿದ್ದಾರೆ ಎನ್ನುವುದಕ್ಕಿಂತ, ಅದು ನೆನಪಾಗಿ ಗಟ್ಟಿಯಾಗಲಿಲ್ಲ ಎನ್ನುವುದು ಸರಿ. ಹೋಲಿಕೆ ಒಂದು ಕಡೆ ತಪ್ಪುತ್ತದೆ: ನೆನಪಿಗೆ ಒಂದೇ ಅಟ್ಟ ಇಲ್ಲ, ಮತ್ತು ಆಲ್ಝೈಮರ್ ಮುಂದುವರಿದಂತೆ ಹಳೆಯ ಬೆಲ್ಲಕ್ಕೂ ಇರುವೆ ಹತ್ತುತ್ತದೆ.

“ನಾಟ್ಕ ಅಲ್ಲ ಅಂತ ಹೆಂಗ್ ಹೇಳ್ತೀರಾ?” ಎಂದಳು. ನ್ಯಾಯವಾದ ಪ್ರಶ್ನೆ. ವೈದ್ಯರು ಅಜ್ಜಿಗೆ ಬಾಳೆಹಣ್ಣು, ಚೊಂಬು, ಕುದುರೆ ಎಂಬ ಮೂರು ಪದ ಹೇಳಿದ್ದರು. ಅಜ್ಜಿ ತಕ್ಷಣ ಮೂರನ್ನೂ ತಿರುಗಿ ಹೇಳಿದರು. ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಡಲು ಹಿಪೊಕ್ಯಾಂಪಸ್ ಬೇಕಿಲ್ಲ. ಐದು ನಿಮಿಷ ಬೇರೆ ಮಾತಾಡಿ ಕೇಳಿದಾಗ ಒಂದೂ ಬರಲಿಲ್ಲ. “ಒಂದು ಹಣ್ಣಿನ ಹೆಸರಿತ್ತಲ್ಲ” ಎಂಬ ಸುಳಿವು ಕೊಟ್ಟರೂ ಬರಲಿಲ್ಲ. “ನೀವೆಲ್ಲಿ ಹೇಳುದ್ರಿ?” ಎಂದರು. ಸುಳಿವು ಇಲ್ಲಿ ಮುಖ್ಯ. ಪರೀಕ್ಷೆಯಲ್ಲಿ ಸಿಂಚನಾ ಉತ್ತರ ಮರೆತರೆ ಮೊದಲ ಅಕ್ಷರ ಹೇಳಿದ ಕೂಡಲೇ ನೆನಪಾಗುತ್ತದೆ. ಒಳಗಿದೆ, ಕೈಗೆ ಸಿಕ್ಕಿರಲಿಲ್ಲ ಅಷ್ಟೆ. ವಯಸ್ಸಿನ ಸಹಜ ಮರೆವೂ ಹೆಚ್ಚಾಗಿ ಹೀಗೇ. ಅಜ್ಜಿಗೆ ಸುಳಿವಿನಿಂದಲೂ ಬಾರದಿದ್ದದ್ದು ಒಳಗೆ ಹೋಗಿಯೇ ಇಲ್ಲ ಎಂಬುದರ ಗುರುತು. ಆದ್ದರಿಂದಲೇ “ಜ್ಞಾಪಿಸ್ಕೊ ಅಜ್ಜಿ, ಚೆನ್ನಾಗಿ ಯೋಚ್ನೆ ಮಾಡು” ಎನ್ನುವುದರಿಂದ ಅವರಿಗೆ ಸಂಕಟವೇ ಹೊರತು ಉಪಯೋಗವಿಲ್ಲ.

ಎರಡನೇ ಭೇಟಿಗೆ ಅಮ್ಮನನ್ನೂ ಕೂರಿಸಿಕೊಂಡು ತಾತನ ಪ್ರಶ್ನೆಯನ್ನು ಎತ್ತಿಕೊಂಡೆವು. ಅಮೆರಿಕದ ಅಯೋವಾದಲ್ಲಿ ಹಿಪೊಕ್ಯಾಂಪಸ್ ಹಾಳಾದವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ನೋಡಿದ್ದು ಮರೆತುಹೋಗಿತ್ತು, ದುಃಖ ಮಾತ್ರ ಉಳಿದಿತ್ತು. ಯಾಕೆ ಅಳು ಬರುತ್ತಿದೆ ಎಂಬುದೇ ಗೊತ್ತಿಲ್ಲದ ಅಳು ಅದು. ಆಲ್ಝೈಮರ್ ಇರುವವರಲ್ಲೂ ನಂತರ ಹೀಗೇ ಕಂಡಿತು. ಅಂದರೆ ಸಿಂಚನಾ ಪ್ರತಿಸಲ “ತಾತ ಸತ್ತೋದ್ರು” ಎಂದಾಗ ಅಜ್ಜಿಗೆ ಅದು ಮೊದಲ ಸುದ್ದಿ. ಸುದ್ದಿ ಹೋಗುತ್ತದೆ, ಸಂಕಟ ನಿಲ್ಲುತ್ತದೆ. ಸಂಕಟವಾದಾಗ ಅಜ್ಜಿಗೆ ಯಾರು ಬೇಕಾಗುತ್ತಾರೆ? ತಾತ. ಮತ್ತೆ ಅದೇ ಪ್ರಶ್ನೆ. ಮನೆಯವರು ಕೊಡುತ್ತಿದ್ದ ಉತ್ತರವೇ ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತಿತ್ತು.

ಕೊಟ್ಟ ಸಲಹೆ ಇದು. “ತಾತ ಎಲ್ಲಿ?” ಎಂದರೆ ಸಾವಿನ ಸುದ್ದಿ ಹೇಳಬೇಡಿ. “ಗದ್ದೆಗೆ ಹೋಗವ್ರೆ, ಬರ್ತಾರೆ” ಎಂದು ಸುಳ್ಳೂ ಕಟ್ಟಬೇಡಿ, ಅಜ್ಜಿ ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತಾರೆ. ಪಕ್ಕದಲ್ಲಿ ಕೂತು “ತಾತನ ಜ್ಞಾಪಕ ಬಂತಾ ಅಜ್ಜಿ? ಪಾಕ ಬಂದದೆ ಅಂತ ತಾತಂಗೆ ಹೆಂಗ್ ಗೊತ್ತಾಗ್ತಿತ್ತು?” ಎಂದು ಒಲೆ ಉರಿಯುತ್ತಿದ್ದ ಕಾಲಕ್ಕೆ ಕರೆದೊಯ್ಯಿರಿ. ಅಜ್ಜಿಯೇ ನೇರವಾಗಿ “ತಾತ ಸತ್ತೋದ್ರಾ?” ಎಂದು ಕೇಳಿದ ದಿನ ಮಾತ್ರ ಹೌದೆನ್ನಿ, ಕೈ ಹಿಡಿದುಕೊಂಡಿರಿ.

ಇನ್ನೊಂದು ಸಮಸ್ಯೆ: “ಎಲ್ರೂ ಎಲ್ಲಿ ಹೋದ್ರು, ಯಾವಾಗ ಬತ್ತಾರೆ?” ಎಂದು ದಿನಕ್ಕೆ ಹತ್ತಾರು ಸಲ ಕೇಳುವುದು. ಇದಕ್ಕೆ ದಾರಿ ತೋರಿಸಿದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದವರ ಕಥೆ. 1953ರಲ್ಲಿ, 27ನೇ ವಯಸ್ಸಿಗೆ, ಮೂರ್ಛೆರೋಗ ನಿಲ್ಲಿಸಲೆಂದು ಅವರ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಹೆಚ್ಚಿನ ಭಾಗವನ್ನು ತೆಗೆದರು. ಅಲ್ಲಿಂದ 2008ರಲ್ಲಿ ಸಾಯುವವರೆಗೆ ಹೊಸ ಘಟನೆಗಳು ಅವರಲ್ಲಿ ನೆನಪಾಗಿ ಉಳಿಯಲಿಲ್ಲವೆಂದೇ ಹೇಳಬೇಕು. ಆದರೆ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರದ ಗೆರೆ ಎಳೆಯಲು ಕಲಿಸಿದರು. ಮೂರು ದಿನದಲ್ಲಿ ಕೈ ಪಳಗಿತು, ತಾನು ಕಲಿತೆ ಎಂಬುದು ಮಾತ್ರ ಮೊಲೈಸನ್‌ಗೆ ಗೊತ್ತೇ ಇರಲಿಲ್ಲ. ರೂಢಿಯ ಕಲಿಕೆಗೆ ಮೆದುಳಿನಲ್ಲಿ ಬೇರೆ ದಾರಿ ಇದೆ. ಸಿಂಚನಾಳ ಅಜ್ಜಿ ಇವತ್ತಿಗೂ ಗಂಟಿಲ್ಲದ ಮುದ್ದೆ ತೊಳಸುವುದು ಆ ದಾರಿಯಿಂದಲೇ.

ಅಜ್ಜಿಗೆ ಓದಲು ಬರುತ್ತಿತ್ತು. ಅಡುಗೆಮನೆಯ ಗೋಡೆಗೆ ಒಂದು ಬಿಳಿ ಬೋರ್ಡ್ ಹಾಕಿ, ಯಾರು ಎಲ್ಲಿ, ಎಷ್ಟು ಗಂಟೆಗೆ ಬರುತ್ತಾರೆ ಎಂದು ದಪ್ಪಕ್ಷರದಲ್ಲಿ ಬರೆಯಲು ಹೇಳಿದೆವು. ಬೋರ್ಡ್ ನೋಡುವುದನ್ನು ರೂಢಿ ಮಾಡಿಸುವ ಕೆಲಸ ಸಿಂಚನಾಗೆ. “ಯಾರು ಎಲ್ಲಿ ಅಂತ ತಿಳೀಬೇಕಾದ್ರೆ ಏನ್ ಮಾಡ್ಬೇಕು ಅಜ್ಜಿ?” ಎಂದು ಕೇಳಿ ಉತ್ತರವನ್ನೂ ಕೂಡಲೇ ಹೇಳಬೇಕು: “ಬೋರ್ಡ್ ನೋಡ್ಬೇಕು.” ಅಜ್ಜಿ ಅದನ್ನು ಬಾಯಲ್ಲಿ ಹೇಳಿ, ಎದ್ದು ಹೋಗಿ ನೋಡಬೇಕು. ಅರ್ಧ ನಿಮಿಷ ಬಿಟ್ಟು ಅದೇ ಪ್ರಶ್ನೆ. ಸರಿ ಹೇಳಿದರೆ 1 ನಿಮಿಷ, ಆಮೇಲೆ 2, 4, 8 ಎಂದು ಅಂತರ ಹೆಚ್ಚಿಸುವುದು. ನಡುವೆ ಅವರೆಕಾಳು ಹಿತುಕುತ್ತಾ ಏನಾದರೂ ಮಾತಾಡುತ್ತಿರಬಹುದು. ತಪ್ಪಿದರೆ “ಯೋಚ್ನೆ ಮಾಡು” ಎನ್ನದೆ ತಕ್ಷಣ ಉತ್ತರ ಹೇಳಿ, ಹಿಂದೆ ಗೆದ್ದ ಅಂತರಕ್ಕೆ ಮರಳಬೇಕು. ಊಹಿಸಲು ಬಿಡಬಾರದು, ಏಕೆಂದರೆ ರೂಢಿಯ ದಾರಿಗೆ ಸರಿ-ತಪ್ಪಿನ ಭೇದವಿಲ್ಲ. ಬಾಯಿಂದ ಬಂದ ತಪ್ಪು ಉತ್ತರವೇ ಕೂತುಬಿಡುತ್ತದೆ, “ಹೋದ ಸಲ ಇದು ತಪ್ಪಾಗಿತ್ತು” ಎಂದು ಎಚ್ಚರಿಸಬೇಕಾದ ಹಿಪೊಕ್ಯಾಂಪಸ್ ಕೆಲಸ ಮಾಡುತ್ತಿಲ್ಲ. ದಿನಕ್ಕೆ 20 ನಿಮಿಷ ಸಾಕು. ಒಂದು ಸಲಕ್ಕೆ ಒಂದೇ ವಿಷಯ.

ಮನೆಯವರಿಗೆ ಎರಡು ಮಾತು ಹೆಚ್ಚಿಗೆ ಹೇಳಿದೆವು. ವೈದ್ಯರು ಕೊಟ್ಟ ಮಾತ್ರೆಯಿಂದ ಹೋದ ಜೀವಕೋಶ ಮರಳುವುದಿಲ್ಲ. ಕೆಲವರಲ್ಲಿ ಸ್ವಲ್ಪ ಕಾಲ ಸ್ಥಿತಿ ತಕ್ಕಮಟ್ಟಿಗೆ ಉಳಿಯಬಹುದು. ಇನ್ನೊಂದು, ಗೊಂದಲ ಒಂದೆರಡು ದಿನದಲ್ಲೇ ಥಟ್ಟನೆ ಹೆಚ್ಚಾಗಿ ಅಜ್ಜಿ ಮಂಪರಾದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗುವುದು, ಹೊಸ ಮಾತ್ರೆ ಇಂಥವು ಕಾರಣವಾಗಿರಬಹುದು, ಅವತ್ತೇ ಆಸ್ಪತ್ರೆಗೆ ಒಯ್ಯಬೇಕು.

ಹೊರಡುವಾಗ ಸಿಂಚನಾ, ಅಮ್ಮ ಚಪ್ಪಲಿ ಹಾಕಿಕೊಳ್ಳುವ ಹೊತ್ತು ನೋಡಿ, ಕೇಳಿದಳು: “ನಂಗೂ ಬರುತ್ತಾ?” ಎಪ್ಪತ್ತರ ಆಸುಪಾಸಿನಲ್ಲಿ ಶುರುವಾಗುವ ಆಲ್ಝೈಮರ್ ಅಜ್ಜಿಯಿಂದ ಮೊಮ್ಮಗಳಿಗೆ ನೇರವಾಗಿ ಇಳಿದುಬರುವಂಥದ್ದಲ್ಲ, ಮನೆತನದಲ್ಲಿದ್ದರೆ ಸಂಭವ ಸ್ವಲ್ಪ ಹೆಚ್ಚು, ಅಷ್ಟೆ. ನೇರವಾಗಿ ಇಳಿಯುವ ಬಗೆ ಬಹಳ ಅಪರೂಪ, ಅದು ಸಾಮಾನ್ಯವಾಗಿ 65ಕ್ಕೂ ಮೊದಲೇ ಕಾಣಿಸಿಕೊಳ್ಳುತ್ತದೆ.

ಮೂರು ವಾರದ ಮೇಲೆ ಬಂದಾಗ ಬೋರ್ಡಿನ ರೂಢಿ ಕೂತಿತ್ತು. ಯಾರು ಕಲಿಸಿದರು ಎಂದರೆ “ಯಾರೂ ಇಲ್ಲ, ನಂಗೇ ಗೊತ್ತು” ಎನ್ನುತ್ತಿದ್ದರಂತೆ ಅಜ್ಜಿ. ತಾತನ ಪ್ರಶ್ನೆ ನಿಂತಿರಲಿಲ್ಲ, ಅಳು ಮಾತ್ರ ಕಡಿಮೆಯಾಗಿತ್ತು. ಒಂದು ಎಡವಟ್ಟು ನಡೆದಿತ್ತು. ಅಡುಗೆಮನೆಗೆ ಸುಣ್ಣ ಹೊಡೆಸುವಾಗ ಅಪ್ಪ ಬೋರ್ಡನ್ನು ನಡುಮನೆಗೆ ವರ್ಗಾಯಿಸಿದ್ದರು. ಅಜ್ಜಿ ದಿನವಿಡೀ ಅಡುಗೆಮನೆಗೆ ಹೋಗಿ ಬರಿಗೋಡೆ ನೋಡುತ್ತಾ ನಿಲ್ಲುತ್ತಿದ್ದರು. ರೂಢಿಯ ಕಲಿಕೆ ಹೀಗೇ ಪೆಡಸು: ಜಾಗ ಬದಲಾದರೆ ತಾನೂ ಬದಲಾಗಲು ಅದಕ್ಕೆ ಬಾರದು. ಅಪ್ಪನಿಗೆ ಇದನ್ನು ವಿವರಿಸಿದ್ದು ಸಿಂಚನಾಳೇ. ಸಂಜೆ ಅವರು ಹಳೇ ಮೊಳೆಗೇ ಬೋರ್ಡ್ ತೂಗುಹಾಕಿದರು.